ಘಾಟು ಎಬ್ಬಿಸದ ಗಾಳಿ

ಫ್ಯಾನು ಜೋರಾಗಿ ತಿರುಗುತ್ತಿಲ್ಲ ಎಂದು ದೂರು ಹೇಳಿಕೊಂಡು ಬರುವವರನ್ನು ನಾನು ದಿನಾ ನೋಡುತ್ತೇನೆ. ಮೆಲ್ಲಗೆ ತಿರುಗುವಂತೆ ಮಾಡಿಕೊಡು ಎಂದು ಕೇಳಿಕೊಂಡು ಬಂದವಳು ನನ್ನ ಅಕ್ಕ ಒಬ್ಬಳೇ.

ನನ್ನದು ರಾಣೆಬೆನ್ನೂರಿನಲ್ಲಿ ಒಂದು ರಿಪೇರಿ ಅಂಗಡಿ. ಮಿಕ್ಸರ್, ಫ್ಯಾನು, ನೀರಿನ ಮೋಟಾರು, ಏನು ಕೆಟ್ಟರೂ ತರುತ್ತಾರೆ. ಹಾವೇರಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು ನಾನು. ಆದರೂ ಮೇಡ್ಲೇರಿ ಕಡೆಯಿಂದ ಮೋಟಾರು ಹೊತ್ತು ತರುವ ರೈತರು ಬಾಗಿಲಲ್ಲಿ ನಿಂತು, "ಯಜಮಾನ್ರು ಇಲ್ಲೇನವಾ?" ಎಂದು ಕೇಳುವುದು ಇನ್ನೂ ನಿಂತಿಲ್ಲ. "ಯಜಮಾನ್ರು ಮನ್ಯಾಗ ರೊಟ್ಟಿ ಬಡ್ಯಾಕತ್ತಾರ್ರಿ, ಏನ್ ಕೆಟ್ಟೈತಿ ನನಗ ಹೇಳ್ರಿ" ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮೋಟಾರು ಎತ್ತಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ. ಹೋದವರು ಹೋಗಲಿ ಎಂದು ನಾನೂ ಬಿಟ್ಟುಬಿಡುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುವುದು ಸುಳ್ಳಲ್ಲ.

ಅಕ್ಕ ಇರುವುದು ಬ್ಯಾಡಗಿಯಲ್ಲಿ. ಅಲ್ಲಿ ಅವಳದೊಂದು ತಗಡಿನ ಶೆಡ್ಡು. ವ್ಯಾಪಾರಸ್ಥರು ಕಳಿಸುವ ಒಣಮೆಣಸಿನಕಾಯಿ ಚೀಲಗಳನ್ನು ನೆಲಕ್ಕೆ ಸುರಿದು, ಹೆಂಗಸರು ಸುತ್ತ ಕುಳಿತು ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ. ಅಕ್ಕನೂ ವರ್ಷಗಟ್ಟಲೆ ಬೇರೆಯವರ ಶೆಡ್ಡಿನಲ್ಲಿ ಹಾಗೆ ಕುಳಿತವಳೇ. ಬೆರಳ ತುದಿಯ ಉರಿ ರಾತ್ರಿ ಅನ್ನ ಕಲಸುವಾಗಲೂ ಆರುತ್ತಿರಲಿಲ್ಲ ಎನ್ನುತ್ತಾಳೆ. ಕೊನೆಗೆ ಧೈರ್ಯ ಮಾಡಿ ತನ್ನದೇ ಶೆಡ್ಡು ಹಿಡಿದಳು. ಅವಳ ಜೀವಮಾನದಲ್ಲಿ ಅವಳದೇ ಎಂದು ಹೇಳಿಕೊಳ್ಳುವಂಥದ್ದು ಅದೊಂದೇ.

ಅವಳು ನನ್ನ ಅಂಗಡಿಗೆ ಬಂದ ಬೇಸಿಗೆಯಲ್ಲಿ ಆ ಶೆಡ್ಡೇ ಕೈಬಿಡುವ ಹಾಗಾಗಿತ್ತು. ತಗಡು ಕಾದು ಕೆಂಡ. ಹೊರಗಿನ ಗಾಳಿ ಒಳಗೆ ನುಗ್ಗಿದರೆ ಮೆಣಸಿನಕಾಯಿಯ ಧೂಳೆಲ್ಲ ಎದ್ದು ಘಾಟು ಹತ್ತುತ್ತದೆಂದು ಕಿಟಕಿಗಳಿಗೆ ಗೋಣಿ ಕಟ್ಟಿರುತ್ತಾರೆ. ಒಳಗೆ ನಾಲ್ಕು ಫ್ಯಾನು. ಹಾಕಿದರೆ ಘಾಟು, ತೆಗೆದರೆ ಬೆವರು. ರೆಗ್ಯುಲೇಟರನ್ನು ಒಂದನೇ ನಂಬರಿಗೆ ಇಟ್ಟರೂ ಆ ತಗ್ಗು ಸೂರಿನ ಕೆಳಗೆ ಗಾಳಿ ಜೋರೇ. ಒಂದಕ್ಕಿಂತ ಕೆಳಗೆ ಅದರಲ್ಲಿ ಏನೂ ಇಲ್ಲ, ಬಂದ್ ಮಾಡುವುದೊಂದೇ. ಒಂದು ಮಧ್ಯಾಹ್ನ ಒಬ್ಬಾಕೆ ಸೆಕೆಗೆ ತಲೆ ತಿರುಗಿ ಬಿದ್ದ ಮೇಲೆ ಅರ್ಧ ಹೆಂಗಸರು ಬೇರೆ ಶೆಡ್ಡುಗಳಿಗೆ ಹೋಗಿಬಿಟ್ಟರು. ಉಳಿದವರ ಮುಖಂಡೆ ಒಬ್ಬ ಮುದುಕಿ. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು. ಅವಳು ಕೂತಲ್ಲಿ ಉಳಿದವರು ಕೂರುತ್ತಿದ್ದರು, ಎದ್ದರೆ ಏಳುತ್ತಿದ್ದರು.

"ಆಯೀನೂ ಹೊಕ್ಕೇನಿ ಅನ್ನಾಕತ್ತಾಳ" ಎಂದಳು ಅಕ್ಕ, ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು. "ಮಂದಿ ಇಲ್ಲದ ಶೆಡ್ಡಿಗೆ ಸಾವಕಾರ್ರು ಚೀಲ ಯಾಕ ಕಳಸ್ತಾರ? ಆಯಿ ಹೋದ್ರ ಶೆಡ್ಡು ಮುಚ್ಚೂದ ಸೈ. ನಾ ಮತ್ತ ಮಂದಿ ಶೆಡ್ಡಿನ್ಯಾಗ ಹೋಗಿ ಕುಂದರಬೇಕು."

"ಏ ಅಕ್ಕಾ, ಅಳಬ್ಯಾಡ. ಒಂದನೇ ನಂಬರಿಗೂ ಬಂದಿಗೂ ನಡುವ ತಿರುಗಬೇಕು, ಅಷ್ಟ ಹೌದಲ್ಲೊ?"

"ಅಷ್ಟ. ಬೆವರು ಆರಬೇಕು, ಸಿಪ್ಪಿ ಹಾರಬಾರದು."

ಅಷ್ಟೇ ಏನು ಮಹಾ ಎಂದು ನನಗೆ ಅನ್ನಿಸಿತ್ತು. ಟ್ರಯಾಕ್ ಎಂಬ ಒಂದು ಪುಟ್ಟ ಬಿಡಿಭಾಗವಿದೆ. ಅದು ಕರೆಂಟಿಗೆ ಬಾಗಿಲು ಇದ್ದ ಹಾಗೆ. ನಮ್ಮ ಮನೆಗೆ ಬರುವ ಕರೆಂಟು ಅಲೆಯಂತೆ ಮೇಲೆ ಏರಿ, ಇಳಿದು, ಸೊನ್ನೆ ಮುಟ್ಟಿ, ಕೆಳಗೆ ಹೋಗಿ, ಮತ್ತೆ ಸೊನ್ನೆಗೆ ಬರುತ್ತದೆ. ಸೆಕೆಂಡಿಗೆ ನೂರು ಸಲ ಸೊನ್ನೆ ದಾಟುತ್ತದೆ. ಬಾಗಿಲನ್ನು ಒಮ್ಮೆ ತಟ್ಟಿ ತೆರೆದರೆ ಸಾಕು, ಕರೆಂಟು ಸೊನ್ನೆಯಾದಾಗ ತಾನೇ ಮುಚ್ಚಿಕೊಳ್ಳುತ್ತದೆ. ಸೊನ್ನೆ ದಾಟಿದ ತಕ್ಷಣ ತೆರೆದರೆ ಇಡೀ ಅಲೆ ಫ್ಯಾನಿಗೆ ಹೋಗುತ್ತದೆ. ತಡ ಮಾಡಿ ತೆರೆದರೆ ಬಾಲದ ತುಂಡಷ್ಟೇ ಹೋಗುತ್ತದೆ, ಫ್ಯಾನು ಮೆಲ್ಲಗಾಗುತ್ತದೆ. ಎಷ್ಟು ತಡ ಎಂದು ಲೆಕ್ಕ ಹಿಡಿಯಲು ಅಲೆ ಯಾವಾಗ ಸೊನ್ನೆ ದಾಟಿತು ಎಂಬುದು ಗೊತ್ತಾಗಬೇಕು. ಅದನ್ನು ಕಂಡುಹಿಡಿದು ಹೇಳುವ ಸರ್ಕ್ಯೂಟು ಒಂದು, ಕೇಳಿಸಿಕೊಂಡು ಹೊತ್ತು ನೋಡಿ ಬಾಗಿಲು ತಟ್ಟುವ ಮೈಕ್ರೋಕಂಟ್ರೋಲರ್ ಒಂದು. ಕಾಲೇಜಿನಲ್ಲಿ ಬಲ್ಬಿನ ಮೇಲೆ ಇದನ್ನೇ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ.

ಆದರೆ ಫ್ಯಾನು ಬಲ್ಬಲ್ಲ. ಅದು ನನಗೆ ಮೇಜಿನ ಮೇಲೆಯೇ ತಿಳಿಯಿತು.

ಮೈಕ್ರೋಕಂಟ್ರೋಲರಿಗೂ ಟ್ರಯಾಕಿಗೂ ನಡುವೆ ನೇರ ತಂತಿ ಇರಕೂಡದು. ಒಂದು ಕಡೆ ಐದು ವೋಲ್ಟು, ಇನ್ನೊಂದು ಕಡೆ ಇನ್ನೂರ ಮೂವತ್ತು. ಅದಕ್ಕೇ ನಡುವೆ ಆಪ್ಟೊಕಪ್ಲರ್ ಎಂಬ ಚಿಪ್ಪು ಕೂರಿಸುತ್ತಾರೆ. ಅದರೊಳಗೆ ಒಂದು ಕಡೆ ಬೆಳಕು ಹೊತ್ತಿದರೆ ಇನ್ನೊಂದು ಕಡೆ ಬಾಗಿಲು ತಟ್ಟುತ್ತದೆ. ಸುದ್ದಿ ಬೆಳಕಿನಲ್ಲಿ ಹೋಗುತ್ತದೆ, ಕರೆಂಟು ದಾಟುವುದಿಲ್ಲ. ನಾನು ಜಾಣತನ ಮಾಡಲು ಹೋಗಿ, ಝೀರೋ ಕ್ರಾಸಿಂಗ್, ಅಂದರೆ ಸೊನ್ನೆ ದಾಟುವುದನ್ನು ಗುರುತಿಸುವ ಸರ್ಕ್ಯೂಟು, ಒಳಗೇ ಇರುವ ಚಿಪ್ಪು ತರಿಸಿದೆ. ಹೆಸರಲ್ಲೇ ಇದೆಯಲ್ಲ, ಇನ್ನೂ ಒಳ್ಳೆಯದಿರಬೇಕು ಎಂದುಕೊಂಡೆ. ಫ್ಯಾನು ಒಂದೋ ಪೂರ್ತಿ ಜೋರಾಗಿ ತಿರುಗಿತು, ಇಲ್ಲವೇ ಮಿಸುಕಲಿಲ್ಲ. ಗುಂಡಿ ಎಷ್ಟು ತಿರುವಿದರೂ ನಡುವಿನದು ಬರಲೇ ಇಲ್ಲ. ಪ್ರೋಗ್ರಾಂ ಬೈದೆ, ಗುಂಡಿ ಬೈದೆ, ಚಹಾ ತಂದುಕೊಟ್ಟ ಗಂಡನನ್ನೂ ಬೈದೆ. ಆಮೇಲೆ ಚಿಪ್ಪಿನ ಮಾಹಿತಿ ಓದಿದರೆ, ಅದು ಸೊನ್ನೆಯ ಹತ್ತಿರ ಬಿಟ್ಟು ಬೇರೆ ಹೊತ್ತಿನಲ್ಲಿ ಬಾಗಿಲು ತಟ್ಟುವುದೇ ಇಲ್ಲವಂತೆ. ಹೀಟರ್ ಹಾಕಿ ತೆಗೆಯುವುದಕ್ಕೆ ಅದು ಸರಿ. ಅಲೆಯ ನಡುವೆ ತೆರೆಯಬೇಕೆಂದರೆ ಯಾವ ಹೊತ್ತಿನಲ್ಲಾದರೂ ತಟ್ಟುವ ಚಿಪ್ಪೇ ಬೇಕು. ಗಂಡನಿಗೆ ಕ್ಷಮೆ ಕೇಳಲಿಲ್ಲ, ಆದರೆ ಚಹಾ ಕುಡಿದೆ.

ಹೊಸ ಚಿಪ್ಪು ಹಾಕಿದ ಮೇಲೆ ಫ್ಯಾನು ಮೆಲ್ಲಗಾಯಿತು, ಆದರೆ ಆಗಾಗ ತಟಕ್ಕನೆ ಜಿಗಿಯುತ್ತಿತ್ತು. ಫ್ಯಾನಿನ ಸುರುಳಿಯಲ್ಲಿ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಕರೆಂಟು ಸೊನ್ನೆಯಾಗಿ ಬಾಗಿಲು ಮುಚ್ಚುವ ಹೊತ್ತಿಗೆ ವೋಲ್ಟೇಜು ಆಗಲೇ ಏರಿ ನಿಂತಿರುತ್ತದೆ. ಆ ಹೊಡೆತಕ್ಕೆ ಬಾಗಿಲು ಯಾರೂ ತಟ್ಟದೆಯೇ ಮತ್ತೆ ತೆರೆದುಕೊಳ್ಳುತ್ತದೆ. ಹೊಡೆತ ತಗ್ಗಿಸಲು ಟ್ರಯಾಕಿನ ಪಕ್ಕ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಜೋಡಿಸಿದೆ. ಸ್ನಬ್ಬರ್ ಎನ್ನುತ್ತಾರೆ. ಜಿಗಿತ ನಿಂತಿತು. ಸಣ್ಣಗೆ ಗುಂಯ್ ಎನ್ನುವ ಸದ್ದು ಮಾತ್ರ ಉಳಿಯಿತು. ಅಲೆಯನ್ನು ಕತ್ತರಿಸಿ ಕೊಟ್ಟರೆ ಫ್ಯಾನು ಅಷ್ಟಾದರೂ ಗೊಣಗುತ್ತದೆ. ಮೋಟಾರು ಬಿಸಿಯಾಗುತ್ತದೋ ಎಂದು ಒಂದಿಡೀ ದಿನ ಮೆಲ್ಲಗೆ ಓಡಿಸಿ, ಮೇನು ತೆಗೆದು, ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಕೈ ಸುಡುವಷ್ಟಿರಲಿಲ್ಲ.

ಕರೆಂಟು ಹೊಡೆಸಿಕೊಂಡದ್ದೂ ಆ ಮೇಜಿನಲ್ಲೇ. ಟ್ರಯಾಕಿಗೆ ಬಿಸಿ ಹೊರಹಾಕಲು ಅಲ್ಯೂಮಿನಿಯಂ ಹೀಟ್‌ಸಿಂಕು ಕೂರಿಸಿದ್ದೆ. ನಾನು ತಂದ ಟ್ರಯಾಕಿನ ಬೆನ್ನಿನ ಲೋಹಕ್ಕೂ ಒಳಗಿನ ಕರೆಂಟಿಗೂ ನಡುವೆ ತಡೆ ಇರಲಿಲ್ಲ. ಅಂದರೆ ಹೀಟ್‌ಸಿಂಕೂ ಕರೆಂಟಿನ ತಂತಿಯೇ. ಬೆರಳು ತಾಗಿದ್ದೇ ತಡ, ಭುಜದ ತನಕ ಝುಮ್ಮೆಂದಿತು. ಕಾಲಲ್ಲಿ ರಬ್ಬರ್ ಚಪ್ಪಲಿ ಇದ್ದದ್ದು, ಇನ್ನೊಂದು ಕೈ ಏನನ್ನೂ ಹಿಡಿಯದೆ ಇದ್ದದ್ದು ನನ್ನ ಪುಣ್ಯ. ಅಕ್ಕನ ಶೆಡ್ಡಿನ ಹೆಂಗಸರು ಬರಿಗಾಲಿನವರು, ಬೆವರಿದ ಕೈಯವರು. ನನಗೆ ಝುಮ್ಮೆಂದದ್ದು ಅವರಿಗೆ ಜೀವವನ್ನೇ ತೆಗೆಯಬಹುದಿತ್ತು. ಆ ಯೋಚನೆಗೆ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಬೆನ್ನು ಕರೆಂಟಿನಿಂದ ಬೇರೆಯಾಗಿರುವ ಟ್ರಯಾಕು ತರಿಸಿದೆ, ಫ್ಯೂಸು ಹಾಕಿದೆ, ಧೂಳು ನುಸುಳದ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಎಲ್ಲವನ್ನೂ ಮುಚ್ಚಿದೆ. ಗುಂಡಿಯೂ ಪ್ಲಾಸ್ಟಿಕ್ಕಿನದೇ. ಮೆಣಸಿನಕಾಯಿ ಧೂಳು ಬೋರ್ಡಿನ ಮೇಲೆ ಕೂತು ಮಳೆಗಾಲದ ತೇವ ಹೀರಿದರೆ ಕರೆಂಟು ಅದರ ಮೇಲೆಯೇ ದಾರಿ ಮಾಡಿಕೊಳ್ಳುತ್ತದೆ.

ಬ್ಯಾಡಗಿಗೆ ಹೋಗಿ ಡಬ್ಬಿಯನ್ನು ಗೋಡೆಗೆ ಕೂರಿಸಿ, ಹಳೆಯ ರೆಗ್ಯುಲೇಟರುಗಳನ್ನೆಲ್ಲ ಕಿತ್ತು ಹಾಕಿದೆ. ನಾಲ್ಕೂ ಫ್ಯಾನಿಗೆ ಒಂದೇ ಗುಂಡಿ. ವೈರು ಸುತ್ತಿ ತಿರುಗಿ ನೋಡುತ್ತೇನೆ, ಅಕ್ಕ ಸ್ಟೂಲು ಹತ್ತಿ ಒದ್ದೆ ಬಟ್ಟೆ ಹಿಡಿದು ಫ್ಯಾನು ಒರೆಸುತ್ತಿದ್ದಾಳೆ. ಚೀಲ ಸುರಿಯುವ ಮೊದಲು ಫ್ಯಾನಿನ ರೆಕ್ಕೆ ಒರೆಸುವುದು ಆ ಶೆಡ್ಡುಗಳ ಪದ್ಧತಿ. ಒರೆಸದಿದ್ದರೆ ನಿನ್ನೆಯ ಧೂಳು ಇವತ್ತಿನ ಕಣ್ಣಿಗೆ.

"ಏ! ಇಳಿ ಕೆಳಗ!" ಎಂದು ಕೂಗಿಕೊಂಡೆ.

"ಯಾಕ ಒದರತಿ? ಗುಂಡಿ ಸೊನ್ನಿಗೆ ಇಟ್ಟೇನಿ, ನೋಡಿಲ್ಲಿ."

"ಸೊನ್ನಿಗೆ ಇಟ್ರ ಬಂದ್ ಆಗೂದಿಲ್ಲ, ಅಕ್ಕಾ! ಇಳಿ ಮೊದಲ!"

ಇಳಿಸಿ, ಟೆಸ್ಟರು ಫ್ಯಾನಿನ ವೈರಿಗೆ ಇಟ್ಟು ತೋರಿಸಿದೆ. ಒಳಗಿನ ದೀಪ ಹೊತ್ತಿತು. ಬಾಗಿಲು ಮುಚ್ಚಿದ್ದರೂ ಸ್ನಬ್ಬರಿನ ಸಂದಿಯಿಂದ ಕರೆಂಟು ಸಣ್ಣಗೆ ಸೋರುತ್ತಲೇ ಇರುತ್ತದೆ. ಅದು ಸಾಲದೆಂಬಂತೆ, ಟ್ರಯಾಕು ಕೆಟ್ಟರೆ ಸಾಮಾನ್ಯವಾಗಿ ತೆರೆದೇ ಕೆಡುತ್ತದೆ. ಆಗ ಗುಂಡಿ ಎಲ್ಲಿದ್ದರೂ ಫ್ಯಾನು ಪೂರ್ತಿ ವೇಗಕ್ಕೆ ಹೋಗುತ್ತದೆ, ರೆಕ್ಕೆ ಹಿಡಿದ ಕೈ ಹೋಗುತ್ತದೆ. ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ಅವತ್ತೇ ಫೇಸು, ನ್ಯೂಟ್ರಲ್ಲು ಎರಡನ್ನೂ ಕತ್ತರಿಸುವ ಒಂದು ದೊಡ್ಡ ಸ್ವಿಚ್ಚು ಹಾಕಿ ಅದರ ಹಿಡಿಕೆಗೆ ಕೆಂಪು ಬಣ್ಣ ಬಳಿದೆ. ಕೆಂಪು ಕೆಳಗಿಳಿಯದೆ ಸ್ಟೂಲು ಹೊರಗೆ ಬರಬಾರದು ಎಂದು ಅಕ್ಕನಿಂದ ಆಣೆ ಮಾಡಿಸಿಕೊಂಡೆ.

ಮರುದಿನ ಬೆಳಗ್ಗೆ ಆಯಿ ತನ್ನ ಪಡೆ ಕಟ್ಟಿಕೊಂಡು ಬಂದಳು. ಬಾಗಿಲಲ್ಲೇ ನಿಂತು ಸೂರು ನೋಡಿದಳು.

"ಇದೇನವಾ, ಫ್ಯಾನಿಗೆ ನಿದ್ದಿ ಬಂದೈತೇನು?"

"ನಿದ್ದಿ ಅಲ್ಲರಿ ಆಯಿ, ಮರ್ಯಾದಿ ಕಲಿಸೇನಿ. ಕುಂದರ್ರಿ" ಎಂದೆ.

ಕುಳಿತರು. ಚೀಲ ಸುರಿದರು. ತಾಸು ಹೊತ್ತು ಎಲ್ಲ ಚೆಂದವಿತ್ತು. ಅಕ್ಕನ ಮುಖದಲ್ಲಿ ನಗು ಕಂಡು ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಆಗ ಕರೆಂಟು ಹೋಯಿತು. ಬ್ಯಾಡಗಿಯಲ್ಲಿ ಬೇಸಿಗೆಯ ಕರೆಂಟು ಹೋಗುವುದು ಹೊಸದೇನಲ್ಲ. ಪಕ್ಕದ ಖಾರದಪುಡಿ ಗಿರಣಿಗೂ ಅಕ್ಕನ ಶೆಡ್ಡಿಗೂ ಸೇರಿ ಒಂದೇ ಜನರೇಟರು. ಅದು ಗುಡುಗುಡು ಎಂದು ಶುರುವಾಯಿತು, ಗಿರಣಿಯ ಮೋಟಾರೂ ಕಿರುಚಿತು. ಇನ್ನೂ ಪೂರ್ತಿ ನಿಲ್ಲದಿದ್ದ ನಮ್ಮ ಫ್ಯಾನುಗಳು ಮೊದಲು ಮೆಲ್ಲಗೆ ಎದ್ದವು. ಆಮೇಲೆ ಒಂದು ಸಲ ತೊದಲಿ, ನೋಡನೋಡುತ್ತ ನಾಲ್ಕೂ ಒಟ್ಟಿಗೆ ಪೂರ್ತಿ ವೇಗಕ್ಕೆ ಹೋದವು.

ಆ ಕ್ಷಣವನ್ನು ನೆನೆದರೆ ಈಗಲೂ ನನ್ನ ಗಂಟಲು ಕೆರೆಯುತ್ತದೆ. ಸುರಿದ ಗುಡ್ಡೆಯ ಮೇಲಿನ ಸಿಪ್ಪೆ, ಬೀಜ, ಧೂಳು ಎಲ್ಲ ಕೆಂಪಗೆ ಎದ್ದು ಸೂರಿಗೆ ಹೋಗಿ ಕೆಳಗಿಳಿಯಿತು. ಹೆಂಗಸರು ಸೆರಗು ಮುಖಕ್ಕೆ ಒತ್ತಿಕೊಂಡು, ಕೆಮ್ಮುತ್ತ, ಒಬ್ಬರ ಮೇಲೊಬ್ಬರು ಬೀಳುತ್ತ ಹೊರಗೆ ಓಡಿದರು. ನಾನು ಕುರುಡಿಯಂತೆ ತಡವರಿಸಿ ಕೆಂಪು ಸ್ವಿಚ್ಚು ಹುಡುಕಿ ಎಳೆದೆ. ಹೊರಗೆ ನಲ್ಲಿಯ ಹತ್ತಿರ ಎಲ್ಲರೂ ಕಣ್ಣು ತೊಳೆದುಕೊಳ್ಳುತ್ತಿದ್ದರು. ಆಯಿಯ ಕಣ್ಣು ಕೆಂಪು ಕುಂಕುಮದಂತಾಗಿತ್ತು.

"ಮರ್ಯಾದಿ ಕಲಿಸೇನಿ ಅಂದೆಲ್ಲಾ, ಚೊಲೋ ಕಲತಾವ" ಎಂದಳು. ಅಕ್ಕನ ಕಡೆ ತಿರುಗಿ, "ನಾಳಿಂದ ನಾವು ಬರೂದಿಲ್ಲವಾ. ತಪ್ಪ ತಿಳೀಬ್ಯಾಡ" ಎಂದಳು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಬೈಯಲು ಬರುತ್ತಿತ್ತು. ಅವಳು ಖಾಲಿ ಶೆಡ್ಡಿನ ನಡುವೆ ಕುಳಿತು, ಯಾರೂ ಮುರಿಯದ ಕಾಯಿಗಳ ತೊಟ್ಟನ್ನು ಒಬ್ಬಳೇ ಮುರಿಯತೊಡಗಿದಳು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹಾವೇರಿಯಲ್ಲಿ ನನಗೆ ಪಾಠ ಮಾಡಿದ ಸರ್ ಇನ್ನೂ ಅದೇ ಕಾಲೇಜಿನ ಲ್ಯಾಬಿನಲ್ಲಿದ್ದಾರೆ. ಕರೆಂಟಿನ ಅಲೆಯನ್ನು ಪರದೆಯ ಮೇಲೆ ಬಿಡಿಸಿ ತೋರಿಸುವ ಆಸಿಲೋಸ್ಕೋಪು ಇರುವುದೂ ಅಲ್ಲೇ. ಅವರ ಹತ್ತಿರ ಹೋಗಿ ಮೇಜಿನ ಮೇಲೆ ಡಬ್ಬಿ ಇಟ್ಟು ನಡೆದದ್ದೆಲ್ಲ ಹೇಳಿದೆ. ಅವರು ಮುಚ್ಚಳ ತೆಗೆದು, ಕನ್ನಡಕ ಏರಿಸಿ, ಬೋರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹೊಡಸ್ಕೊಂಡಿ ಎಷ್ಟ ಸಲ?"

"ಒಂದ ಸಲ, ಸರ್."

"ಬದುಕೀದಿ, ಚೊಲೋ ಆತು." ಕರೆಂಟು ಬೋರ್ಡಿನ ಮೇಲಿಂದ ದಾಟದಿರಲೆಂದು ನಾನು ಆಪ್ಟೊಕಪ್ಲರಿನ ಕೆಳಗೆ ಬೋರ್ಡನ್ನು ಸೀಳಿ, ಎರಡು ಕಡೆಯ ನಡುವೆ ಸಂದಿ ಬಿಟ್ಟಿದ್ದೆ. ಅದನ್ನು ಬೆರಳಿಟ್ಟು ತೋರಿಸಿ ತಲೆದೂಗಿದರು. ಅವರ ತಲೆದೂಗು ಸಿಕ್ಕುವುದು ಸುಲಭವಲ್ಲ. "ಈಗ ಏನ್ ನೋಡಬೇಕಂತೀ?"

"ಜನರೇಟರಿನ ಅಲೆ ನೋಡಬೇಕ್ರಿ. ಸ್ಕೋಪಿನ ಕ್ಲಿಪ್ಪು ನೇರ ಕರೆಂಟಿಗೆ—"

"ಹಚ್ಚಿಗಿಚ್ಚೀಯ!" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಆ ಕ್ಲಿಪ್ಪು ಈ ಗ್ವಾಡಿ ಒಳಗಿನ ಅರ್ತಿಂಗಿಗೆ ಕೂಡೈತಿ. ಫೇಸಿಗೆ ಹಚ್ಚಿದ್ರ ಠಾರ್! ಸ್ಕೋಪೂ ಇಲ್ಲ, ನೀನೂ ಇಲ್ಲ."

"ಅದನ್ನ ಹೇಳಾಕತ್ತಿದ್ದೆ ಸರ್, ನೇರ ಹಚ್ಚೂದಿಲ್ಲಂತ. ಪೂರಾ ಕೇಳ್ರಲ್ಲ!" ಎಂದು ನಾನೂ ದನಿ ಏರಿಸಿದೆ. ಗುರುಗಳ ಮುಂದೆ ಏರಿಸಬಾರದಿತ್ತು. ಅವರು ನಕ್ಕು, ಕುಳಿತು, "ಹೇಳು" ಎಂದರು.

ನನ್ನ ಉಪಾಯ ಸರಳವಾಗಿತ್ತು. ಸೊನ್ನೆ ಕಂಡುಹಿಡಿಯುವ ಸರ್ಕ್ಯೂಟಿನ ಸುದ್ದಿಯೂ ಒಂದು ಆಪ್ಟೊಕಪ್ಲರಿನಿಂದಲೇ ಈಚೆಗೆ ಬರುತ್ತದೆ. ಈಚೆ ಕಡೆ ಐದೇ ವೋಲ್ಟು. ಅಲ್ಲಿಗೆ ಸ್ಕೋಪು ಹಚ್ಚಿದರೆ ಯಾರಿಗೂ ಅಪಾಯವಿಲ್ಲ. ಸರ್ ತಮ್ಮ ಚಿಕ್ಕ ಸ್ಕೋಪನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೊಡುವಾಗ, "ಕರೆಂಟಿನ ಮ್ಯಾಲ ಸೊನ್ನಿ ನೂರು ಬರತಾವ, ಜನರೇಟರ್ ಮ್ಯಾಲ ಎಷ್ಟ ಬರತಾವ ಮೊದಲ ಎಣಿಸು" ಎಂದರು.

ಬ್ಯಾಡಗಿಗೆ ವಾಪಸು ಬಂದು, ಗಿರಣಿಯವರನ್ನು ಕಾಡಿ ಬೇಡಿ ಜನರೇಟರು ಹಾಕಿಸಿ ಎಣಿಸಿದೆ. ನೂರರ ಆಸುಪಾಸು ಇರಬೇಕಾದಲ್ಲಿ ಒಮ್ಮೆ ನೂರಿಪ್ಪತ್ತು, ಒಮ್ಮೆ ನೂರೈವತ್ತು. ಗಿರಣಿಯ ಮೋಟಾರು ನಿಲ್ಲಿಸಿದರೆ ಇಳಿಯುತ್ತಿತ್ತು, ಶುರು ಮಾಡಿದರೆ ಏರುತ್ತಿತ್ತು. ಆ ಬಡಪಾಯಿ ಜನರೇಟರಿನ ಅಲೆಗೆ ಎಲ್ಲೆಂದರಲ್ಲಿ ಹಲ್ಲು ಮುರಿದ ಹಾಗೆ ಕಚ್ಚು ಬೀಳುತ್ತಿತ್ತು, ಆ ಕಚ್ಚೂ ನನ್ನ ಸರ್ಕ್ಯೂಟಿಗೆ ಸೊನ್ನೆಯಾಗಿ ಕಾಣುತ್ತಿತ್ತು. ನನ್ನ ಪ್ರೋಗ್ರಾಮು ಮೊದಲು ಕಂಡ ಸೊನ್ನೆಯಿಂದ ಎಣಿಕೆ ಶುರು ಮಾಡಿ, ಅದು ಮುಗಿಯುವ ತನಕ ಬೇರೆ ಯಾವುದಕ್ಕೂ ಕಿವಿಗೊಡುತ್ತಿರಲಿಲ್ಲ. ಅಲೆಯ ನಡುವಿನ ಸುಳ್ಳು ಸೊನ್ನೆಯಿಂದ ಎಣಿಸಿದರೆ ಎಣಿಕೆ ಮುಗಿಯುವುದು ಮುಂದಿನ ಅಲೆಯ ಶುರುವಿನಲ್ಲಿ. ಬಾಗಿಲು ತಡವಾಗಿ ತೆರೆಯುವ ಬದಲು ಮುಂಚೆಯೇ ತೆರೆದುಕೊಳ್ಳುತ್ತಿತ್ತು. ಫ್ಯಾನು ಓಡದೆ ಇನ್ನೇನು ಮಾಡೀತು!

ಸ್ಕೋಪಿನ ಪರದೆಯ ಮೇಲೆ ಅದನ್ನು ಕಂಡಾಗ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ರೋಗ ಸಿಕ್ಕಿತ್ತು. ಖರೆ ಸೊನ್ನೆಯ ಗುರುತು ತುಸು ಅಗಲವಾಗಿರುತ್ತದೆ, ಸುಳ್ಳು ಸೊನ್ನೆಯದು ಕೂದಲೆಳೆಯಷ್ಟು. ಕೂದಲೆಳೆಯವನ್ನು ಸೋಸಿ ಬಿಡುವ ಹಾಗೆ ಮಾಡಿದೆ. ಸೋಸಿದ ಮೇಲೂ, ಹಿಂದಿನ ಸೊನ್ನೆಯಿಂದ ಹತ್ತು ಮಿಲಿಸೆಕೆಂಡಿನ ಹತ್ತಿರ ಬಂದದ್ದನ್ನು ಮಾತ್ರ ನಂಬು, ಬೇಗ ಬಂದದ್ದನ್ನು ಬಿಡು ಎಂದು ಬರೆದೆ. ಜನರೇಟರಿನ ವೇಗ ಏರಿಳಿದರೆ ಅದರ ಅಲೆಯ ಉದ್ದವನ್ನೇ ಅಳೆದು ತಡವನ್ನು ಹೊಂದಿಸು ಎಂದೆ. ಮುಖ್ಯವಾದದ್ದು ಕೊನೆಗೆ ಬರೆದೆ. ಸೊನ್ನೆಯ ಮೇಲೆ ಅನುಮಾನ ಬಂದರೆ ಬಾಗಿಲು ತಟ್ಟಲೇಬೇಡ, ಫ್ಯಾನು ನಿಂತರೆ ನಿಲ್ಲಲಿ. ನಿಂತ ಫ್ಯಾನಿನಿಂದ ಬೆವರು ಬರುತ್ತದೆ, ಯಾರ ಕಣ್ಣೂ ಉರಿಯುವುದಿಲ್ಲ.

ಇನ್ನೊಂದು ತೊಡಕಿತ್ತು. ನಿಂತ ಫ್ಯಾನು ಇಷ್ಟು ಕಡಿಮೆ ಬಲಕ್ಕೆ ಏಳುವುದಿಲ್ಲ, ಮೊದಲು ಒಂದು ಪೂರ್ತಿ ತಳ್ಳು ಬೇಕು. ಆ ತಳ್ಳಿಗೆ ಒಂದೇ ಸೆಕೆಂಡು ಸಾಕೆಂದು ಕಂಡುಕೊಂಡೆ. ಅಷ್ಟರಲ್ಲಿ ಭಾರದ ರೆಕ್ಕೆ ಅಲುಗಿ ಹೊರಡುತ್ತದೆಯೇ ಹೊರತು ವೇಗ ಹಿಡಿಯುವುದಿಲ್ಲ.

ಆಯಿಯನ್ನು ಕರೆಯಲು ಅಕ್ಕ ಒಬ್ಬಳೇ ಹೋಗಲು ಒಪ್ಪಲಿಲ್ಲ. ಇಬ್ಬರೂ ಹೋದೆವು. ಆಯಿ ಅಂಗಳದಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು.

"ಮತ್ತ ಕಣ್ಣಾಗ ಖಾರ ಹಾಕಾಕ ಬಂದೀರೇನು?"

"ಆಯಿ, ಇದೊಂದ ಸಲ ಬರ್ರಿ" ಎಂದೆ. "ಈ ಸಲ ಕರೆಂಟು ನಾನ ತೆಗೀತೇನಿ, ಜನರೇಟರು ನಾನ ಹಾಕಸ್ತೇನಿ, ಗಿರಣೀನೂ ಜೋರ ಓಡಸ್ತೇನಿ. ಗುಡ್ಡಿ ಮಗ್ಗಲ ನಾನೂ ಕುಂದರತೇನಿ. ಘಾಟು ಎದ್ರ ಮೊದಲ ನನ್ನ ಕಣ್ಣಾಗ ಬೀಳಲಿ."

ಆಯಿ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡುತ್ತಿದ್ದಳು. "ಸಿಟ್ಟಿನಾಕಿ ಅದಾಳ ನಿನ್ನ ತಂಗಿ" ಎಂದು ಆಯಿ ಸೀರೆ ಕೊಡವಿ ಎದ್ದಳು.

ಶೆಡ್ಡಿನಲ್ಲಿ ಚೀಲ ಸುರಿದೆವು. ಹಿಂದಿನ ಸಲದವರೆಲ್ಲ ಬಂದಿರಲಿಲ್ಲ, ಆರೇಳು ಜನರಿದ್ದರು. ನಾನು ಆಯಿಯ ಪಕ್ಕ ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಕುಳಿತೆ. ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ಅಕ್ಕನಿಗೆ ಸನ್ನೆ ಮಾಡಿದೆ, ಅವಳು ಊರಿನ ಕರೆಂಟು ಬರುವ ಮೇನು ತೆಗೆದಳು. ರೆಕ್ಕೆಗಳು ನಿಧಾನಕ್ಕೆ ನಿಂತವು. ಹೊರಗೆ ಜನರೇಟರು ಗುಡುಗಿತು, ಗಿರಣಿಯ ಮೋಟಾರು ಕಿರುಚಿತು. ಸುತ್ತಲಿದ್ದ ಹೆಂಗಸರೆಲ್ಲ ಒಟ್ಟಿಗೇ ಸೆರಗು ಮುಖಕ್ಕೆಳೆದುಕೊಂಡು ಕಣ್ಣು ಮುಚ್ಚಿದರು. ನಾನು ಕಣ್ಣು ಮುಚ್ಚಲಿಲ್ಲ.

ನಾಲ್ಕೂ ಫ್ಯಾನು ಒಮ್ಮೆ ಅಲುಗಿದವು. ಹೊರಟವು. ಗುಂಯ್ ಎಂದು ಗೊಣಗುತ್ತ, ಎಲ್ಲಿ ಬಿಟ್ಟಿದ್ದವೋ ಅದೇ ವೇಗಕ್ಕೆ ಬಂದು ಅದನ್ನೇ ಹಿಡಿದುಕೊಂಡು ತಿರುಗಿದವು. ಗಿರಣಿಯವರು ಹೊಸ ಗಂಟು ಸುರಿದರೇನೋ, ಮೋಟಾರು ಹೊರೆ ಹೊತ್ತು ನರಳಿತು, ದೀಪ ಮಂಕಾಗಿ ಮತ್ತೆ ಬೆಳಗಿತು. ಫ್ಯಾನು ಅದಕ್ಕೆ ಸೊಪ್ಪು ಹಾಕಲಿಲ್ಲ. ಗುಡ್ಡೆಯ ಮೇಲಿನ ಸಿಪ್ಪೆ ಇದ್ದಲ್ಲೇ ಇತ್ತು. ನನ್ನ ಕತ್ತಿನ ಬೆವರು ತಣ್ಣಗಾಗುವುದು ನನಗೆ ತಿಳಿಯಿತು. ಒಂದೊಂದೇ ಸೆರಗು ಕೆಳಗಿಳಿಯಿತು. ಕೊನೆಗೆ ಇಳಿದದ್ದು ಆಯಿಯದು. ಅವಳು ಸೂರು ನೋಡಿದಳು, ಗುಡ್ಡೆ ನೋಡಿದಳು. ಒಣ ಸಿಪ್ಪೆ, ಬೀಜ ಒಂದು ಮುಷ್ಟಿ ಎತ್ತಿ ಮುಖದ ಮಟ್ಟದಿಂದ ಕೈ ಬಿಟ್ಟಳು. ತುಸು ಓರೆಯಾಗಿ ಇಳಿದು ಅವಳ ಮಡಿಲಲ್ಲೇ ಬಿತ್ತು.

"ಗೆದ್ದೆಲ್ಲಾ!" ಎಂದಳು.

ಗೆದ್ದಿದ್ದೆ. ಅದನ್ನು ಸಣ್ಣ ಮಾಡಿ ಹೇಳುವ ಮನಸ್ಸು ನನಗಿಲ್ಲ. ಡಿಪ್ಲೊಮಾದ ಫಲಿತಾಂಶ ಬಂದ ದಿನವೂ, ಅಂಗಡಿಗೆ ಬೋರ್ಡು ಹಾಕಿದ ದಿನವೂ ನನಗೆ ಇಷ್ಟು ಖುಷಿಯಾಗಿರಲಿಲ್ಲ. ಎದ್ದು ಕುಣಿಯಬೇಕೆನ್ನಿಸಿತು, ಮೆಣಸಿನಕಾಯಿ ಗುಡ್ಡೆ ಅಡ್ಡ ಇದ್ದದ್ದರಿಂದ ಕುಣಿಯಲಿಲ್ಲ.

ಆಯಿ ತನ್ನ ಗೋಣಿಯನ್ನು ಎಳೆದುಕೊಂಡು ಹೋಗಿ ಸರಿಯಾಗಿ ಫ್ಯಾನಿನ ಕೆಳಗೆ ಹಾಸಿ ಕುಳಿತಳು. ಅದನ್ನು ಕಂಡು ಇನ್ನೊಬ್ಬಾಕೆ, "ಅಲ್ಲಿ ನಾ ಕುಂದರಾಕಿದ್ದೆ" ಎಂದು ಜಗಳ ತೆಗೆದಳು. "ನಿನ್ನ ಹೆಸರ ಬರದೈತೇನು ಫ್ಯಾನಿನ ಮ್ಯಾಲ?" ಎಂದು ಆಯಿ. ಮೂರನೆಯವಳು ನಡುವೆ ಗೋಣಿ ತೂರಿಸಿದಳು. ಬಿಟ್ಟು ಹೋದವರಿಗೂ ಹೇಳಿ ಕಳಿಸಬೇಕು, ತಡವಾಗಿ ಬಂದವರಿಗೆ ಬಾಗಿಲ ಹತ್ತಿರದ ಜಾಗವೇ ಗತಿ ಎಂದು ಇನ್ನಾರೋ ನಕ್ಕರು. ತೊಟ್ಟು ಮುರಿಯುವ ಚಟಚಟ ಸದ್ದು ಶುರುವಾಯಿತು.

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಸಾವಕಾರರು. ಹೋದ ಸಲದ ಗಲಾಟೆಯ ಸುದ್ದಿ ಅವರಿಗೂ ಮುಟ್ಟಿತ್ತು. ನಿನ್ನ ಶೆಡ್ಡಿನಲ್ಲಿ ಮಂದಿ ನಿಲ್ಲುವುದಿಲ್ಲವಂತೆ, ಚೀಲ ಬೇರೆ ಕಡೆ ಕಳಿಸಲೇ ಎಂದು ಕೇಳುತ್ತಿರುವುದು ನನಗೂ ಕೇಳಿಸಿತು. ಅಕ್ಕ ಫೋನನ್ನು ಕೈ ಚಾಚಿ ಹೆಂಗಸರ ಕಡೆ ಹಿಡಿದಳು. ಜಗಳ, ನಗು, ತೊಟ್ಟು ಮುರಿಯುವ ಸದ್ದು ಎಲ್ಲ ಅದರೊಳಗೆ ಹೋಗುವಷ್ಟು ಹೊತ್ತು ಹಾಗೇ ಹಿಡಿದಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಘಾಟಿನದಲ್ಲ.

"ಕೇಳಿದ್ರೇನ್ರಿ ಸಾವಕಾರ್ರ?" ಎಂದಳು ಫೋನನ್ನು ಕಿವಿಗಿಟ್ಟುಕೊಂಡು. "ಯಾರರ ಕೆಮ್ಮಾಕತ್ತಾರೇನು?"

ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ.

"ನಾಳಿ ಯಾಕ್ರಿ?" ಎಂದಳು ಅಕ್ಕ. "ಇವತ್ತ ಕಳಸ್ರಿ."